ಕೊಂಡವರೇ ಬರೆಯುವ ಬಿಲ್ಲು: ಗೇರುಬೀಜಕ್ಕೆ ಯಾಕೆ ಬೇಕು, ಅಡಿಕೆಗೆ ಯಾಕೆ ಬೇಡ

(ಸಾಗರದಲ್ಲಿ ಸಣ್ಣ ವ್ಯಾಪಾರಿಗಳು ಮತ್ತು ಗೇರು ಸಂಸ್ಕರಣೆ ಮಾಡುವವರ ಮುಂದೆ ತೆರಿಗೆ ಸಲಹೆಗಾರರೊಬ್ಬರು ಆಡಿದ ಮಾತುಗಳ ಬರಹ ರೂಪ)

ಏಪ್ರಿಲ್ ತಿಂಗಳಲ್ಲಿ ಹೊಸನಗರ ಕಡೆಯಿಂದ ಒಂದು ಪಿಕಪ್ ಗಾಡಿ ಬರುತ್ತದೆ ಅಂದುಕೊಳ್ಳಿ. ಹಿಂದೆ ಎರಡು ಥರದ ಚೀಲ. ಒಂದಷ್ಟರಲ್ಲಿ ಒಣಗಿಸಿದ ಅಡಿಕೆ, ಇನ್ನೊಂದಷ್ಟರಲ್ಲಿ ಸಿಪ್ಪೆ ಬಿಡಿಸದ ಗೇರುಬೀಜ. ಎರಡೂ ಒಬ್ಬರೇ ರೈತರದ್ದು, ಒಂದೇ ಪಹಣಿಯ ಜಮೀನಿನಲ್ಲಿ ಬೆಳೆದದ್ದು. ರೈತರ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲ, ಇರಬೇಕಾಗಿಯೂ ಇಲ್ಲ. ಗಾಡಿ ಮೊದಲು ಅಡಿಕೆ ಖರೀದಿ ಮಾಡುವವರ ಅಂಗಡಿ ಮುಂದೆ ನಿಂತು, ಆಮೇಲೆ ಗೇರು ಫ್ಯಾಕ್ಟರಿ ಬಾಗಿಲಿಗೆ ಹೋಗುತ್ತದೆ. ಕೊಂಡವರಿಬ್ಬರೂ ನೋಂದಾಯಿತರು. ಇವರಲ್ಲಿ ಯಾರು ಸೆಲ್ಫ್ ಇನ್‌ವಾಯ್ಸ್ ಬರೆಯಬೇಕು?

ಈಗಷ್ಟೇ ಈ ಪ್ರಶ್ನೆ ಕೇಳಿದಾಗ ಹೆಚ್ಚುಕಮ್ಮಿ ಎಲ್ಲರೂ "ಇಬ್ಬರೂ" ಅಂದಿರಿ. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಮಾತ್ರ "ಐದು ಸಾವಿರದ ಮೇಲಿದ್ದರೆ" ಅಂದರು. ಎರಡು ಉತ್ತರವೂ ಸುಮ್ನೆ ಬಂದದ್ದಲ್ಲ. ಒಂದು ಕಾಲಕ್ಕೆ ಎರಡೂ ಸರಿ ಇದ್ದವು, ಈಗ ಎರಡೂ ತಪ್ಪು. ಗೇರು ಕೊಂಡವರು ಬರೆಯಬೇಕು, ಅಡಿಕೆ ಕೊಂಡವರು ಬರೆಯಬೇಕಿಲ್ಲ. ಐದು ಸಾವಿರದ ಮಾತು ಇಬ್ಬರಿಗೂ ಇಲ್ಲ.

ಆ ಗೊಂದಲ ಹುಟ್ಟಿದ್ದು ಎಲ್ಲಿ ಅಂತ ಮೊದಲು ಹೇಳಿಬಿಡುತ್ತೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ನೋಂದಣಿ ಇಲ್ಲದವರಿಂದ ಏನೇ ತೆರಿಗೆಯ ಮಾಲು ಕೊಂಡರೂ ಕೊಂಡವರೇ ತೆರಿಗೆ ಕಟ್ಟಬೇಕು ಅಂತ ಇತ್ತು. ಅದು ಸೆಕ್ಷನ್ 9(4). ದಿನಕ್ಕೆ ಒಟ್ಟು 5,000 ರೂಪಾಯಿವರೆಗಿನ ಖರೀದಿಗೆ ವಿನಾಯಿತಿ ಇತ್ತು. ಅಂಗಡಿಗೆ ಪೊರಕೆ ತಂದರೂ ಲೆಕ್ಕ ಬರೆಯುವ ಕಾಲ ಅದು. ಮೂರೂವರೆ ತಿಂಗಳಿಗೆ, ಅಂದರೆ 2017ರ ಅಕ್ಟೋಬರ್ 13ಕ್ಕೆ, ಅದನ್ನು ನಿಲ್ಲಿಸಿದರು. 2019ರ ಫೆಬ್ರವರಿಯಲ್ಲಿ ಕಾನೂನನ್ನೇ ಬದಲಾಯಿಸಿದರು. ಈಗ 9(4) ಇರುವುದು ಮುಖ್ಯವಾಗಿ ಮನೆ, ಅಪಾರ್ಟ್‌ಮೆಂಟ್ ಕಟ್ಟಿ ಮಾರುವ ಪ್ರಮೋಟರ್‌ಗಳಿಗೆ. ನಮ್ಮಂಥವರಿಗೆ ಅದು ಹೋಯಿತು. ಆದರೆ ಆ ಮೂರೂವರೆ ತಿಂಗಳು ಕಲಿತದ್ದು ತಲೆಯಿಂದ ಹೋಗಿಲ್ಲ, ನೋಡಿ.

ಈಗ ನಮಗೆ ಲೆಕ್ಕಕ್ಕೆ ಬರುವುದು ಸೆಕ್ಷನ್ 9(3). ಅದರಲ್ಲಿ ಸರ್ಕಾರ ಒಂದು ಪಟ್ಟಿ ಕೊಟ್ಟಿದೆ. ಪಟ್ಟಿಯಲ್ಲಿರುವ ಮಾಲು ಅಥವಾ ಸೇವೆಗೆ ಮಾರಿದವರಲ್ಲ, ಕೊಂಡವರು ತೆರಿಗೆ ಕಟ್ಟಬೇಕು. ಇದನ್ನೇ ರಿವರ್ಸ್ ಚಾರ್ಜ್ ಅನ್ನುವುದು. ಹಾಗೆ ಕೊಂಡವರು ತೆರಿಗೆ ಕಟ್ಟಬೇಕಾದ ವ್ಯವಹಾರ ಇದ್ದು, ಮಾರಿದವರು ನೋಂದಣಿ ಇಲ್ಲದವರಾಗಿದ್ದರೆ ಬಿಲ್ಲನ್ನೂ ಕೊಂಡವರೇ ಬರೆದುಕೊಳ್ಳಬೇಕು. ಸೆಕ್ಷನ್ 31(3)(ಎಫ್) ಹೇಳುವುದು ಇಷ್ಟೇ. ಅಂದರೆ "ಮಾರಿದವರಿಗೆ ಜಿಎಸ್‌ಟಿ ಇದೆಯಾ" ಅನ್ನುವುದು ಎರಡನೇ ಪ್ರಶ್ನೆ. "ಇದು ಪಟ್ಟಿಯಲ್ಲಿದೆಯಾ" ಅನ್ನುವುದು ಮೊದಲನೆಯದು. ನಮ್ಮಲ್ಲಿ ಹೆಚ್ಚಿನವರು ಎರಡನೆಯದನ್ನು ಮೊದಲು ಕೇಳುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಪಟ್ಟಿಯ ಗೇರಿನ ಸಾಲು ಹೀಗಿದೆ: ಸಿಪ್ಪೆ ಬಿಡಿಸದ ಗೇರುಬೀಜ, ಮಾರುವವರು ಕೃಷಿಕರು, ಕೊಳ್ಳುವವರು ಯಾವುದೇ ನೋಂದಾಯಿತ ವ್ಯಕ್ತಿ. ಮೂರೂ ಕೂಡಿಬಂದರೆ ಮಾತ್ರ ರಿವರ್ಸ್ ಚಾರ್ಜ್. ಅದೇ ಪಟ್ಟಿಯಲ್ಲಿ ಬೀಡಿ ಎಲೆ, ತಂಬಾಕಿನ ಎಲೆ, ಕಚ್ಚಾ ಹತ್ತಿ ಇವೆ. ಅಡಿಕೆ ಇಲ್ಲ. ಒಣ ಅಡಿಕೆಗೆ ಶೇಕಡಾ 5 ತೆರಿಗೆ ಇದೆ, ನಿಜ. ಆದರೆ ಅದು ವ್ಯಾಪಾರಿ ಮುಂದೆ ಮಾರುವಾಗ ಹಾಕುವ ತೆರಿಗೆ. ರೈತರಿಂದ ಕೊಂಡ ಹಂತದಲ್ಲಿ ಏನೂ ಇಲ್ಲ. ರಾಶಿ ಇರಲಿ, ಬೆಟ್ಟೆ ಇರಲಿ, ಗೊರಬಲು ಇರಲಿ, ಅಡಿಕೆ ಕೊಂಡವರು ತಮ್ಮ ಲೆಕ್ಕಕ್ಕೆ ಒಂದು ಖರೀದಿ ಚೀಟಿ ಬರೆದುಕೊಂಡರೆ ಸಾಕು. ಆ ಚೀಟಿಯ ಮೇಲೆ "ಸೆಲ್ಫ್ ಇನ್‌ವಾಯ್ಸ್" ಅಂತ ಅಚ್ಚು ಹಾಕಿಸಿ, ಶೇಕಡಾ 5 ಲೆಕ್ಕ ತೋರಿಸಿದವರನ್ನು ನಾನು ನೋಡಿದ್ದೇನೆ. ಇಲ್ಲದ ತೆರಿಗೆಯನ್ನು ತಾವೇ ಕಾಗದದ ಮೇಲೆ ಹುಟ್ಟಿಸಿಕೊಂಡ ಹಾಗೆ ಅದು.

ಇನ್ನು ಗೇರಿನಲ್ಲೇ ಒಂದು ಸೂಕ್ಷ್ಮ ಇದೆ. ಕೃಷಿಕ ಅಂದರೆ ಯಾರು? ಕಾನೂನಿನ ಪ್ರಕಾರ ಸ್ವಂತ ದುಡಿಮೆಯಿಂದಲೋ, ಮನೆಯವರ ದುಡಿಮೆಯಿಂದಲೋ, ಕೂಲಿಯವರನ್ನು ಇಟ್ಟುಕೊಂಡು ತಾನೇ ನೋಡಿಕೊಂಡೋ ಭೂಮಿಯಲ್ಲಿ ಬೇಸಾಯ ಮಾಡುವ ಒಬ್ಬ ವ್ಯಕ್ತಿ, ಇಲ್ಲವೇ ಹಿಂದೂ ಅವಿಭಕ್ತ ಕುಟುಂಬ. ನಿಮ್ಮ ಫ್ಯಾಕ್ಟರಿಗೆ ಬರುವ ಮಾಲೆಲ್ಲ ಇಂಥವರಿಂದಲೇ ಬರುತ್ತದಾ? ಇಲ್ಲ ಅಲ್ವಾ. ಊರೂರು ಸುತ್ತಿ, ಮನೆಮನೆಯಲ್ಲಿ ಹತ್ತು ಕೆಜಿ, ಇಪ್ಪತ್ತು ಕೆಜಿ ಕೊಂಡು, ಒಟ್ಟು ಮಾಡಿ ತರುವವರು ಇದ್ದಾರೆ. ಅವರು ದುಡ್ಡು ಕೊಟ್ಟು ಕೊಂಡು ಲಾಭ ಇಟ್ಟು ಮಾರುವ ವ್ಯಾಪಾರಿ. ವಹಿವಾಟು ಮಿತಿಯ ಒಳಗಿದ್ದು ನೋಂದಣಿ ಮಾಡಿಸದೇ ಇರಬಹುದು, ಆದರೂ ಅವರು ಕೃಷಿಕ ಅಲ್ಲ. ಅವರಿಂದ ಕೊಂಡರೆ ಗೇರಿನ ಸಾಲು ಅನ್ವಯಿಸುವುದಿಲ್ಲ. ರಿವರ್ಸ್ ಚಾರ್ಜ್ ಇಲ್ಲ, ಸೆಲ್ಫ್ ಇನ್‌ವಾಯ್ಸೂ ಇಲ್ಲ.

ಅದೇ ಮನುಷ್ಯ ಸುಮ್ನೆ ಗಾಡಿ ಬಾಡಿಗೆ ತಗೊಂಡು ಐದು ಮನೆಯವರ ಬೀಜ ತಂದು ಇಳಿಸಿ, "ಇಷ್ಟು ಇವರದು, ಇಷ್ಟು ಅವರದು" ಅಂತ ತೂಕದ ಚೀಟಿ ಕೊಟ್ಟು, ದುಡ್ಡು ನೀವು ಆ ಐದು ಮನೆಗೇ ಕೊಟ್ಟರೆ, ಆಗ ಮಾರಿದವರು ಆ ಐದು ರೈತರು. ಐದು ಸೆಲ್ಫ್ ಇನ್‌ವಾಯ್ಸ್. ಗಾಡಿ ಒಂದೇ, ಡ್ರೈವರ್ ಒಬ್ಬರೇ, ಆದರೆ ಮಾಲು ಯಾರದು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಮತ್ತೆ ಕೆಲವರು ಬೇರೆಯವರ ಗೇರು ತೋಪಿನ ಒಂದು ವರ್ಷದ ಫಸಲನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಬೇಸಾಯ ಏನೂ ಮಾಡುವುದಿಲ್ಲ, ಬೀಜ ಹೆಕ್ಕಿ ಮಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರೂ ಕೃಷಿಕ ಅಲ್ಲ.

ಇದನ್ನು ಹೇಗೆ ತೋರಿಸುವುದು ಅಂತ ಕೇಳುತ್ತೀರಿ. ನನ್ನ ಕಕ್ಷಿದಾರರಿಗೆ ನಾನು ಹೇಳುವುದು, ಸೀಸನ್ ಶುರುವಿನಲ್ಲಿ ರೈತರಿಂದ ಪಹಣಿಯ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ ಅಂತ. ಕಾನೂನು ಅದನ್ನು ಕೇಳುವುದಿಲ್ಲ, ಇದು ನಮ್ಮ ಅನುಕೂಲಕ್ಕೆ. ಒಬ್ಬರ ಹೆಸರಲ್ಲಿ ಒಂದೇ ವಾರದಲ್ಲಿ ಎಂಟು ಟನ್ ಬೀಜ ಬಂದು, ಪಹಣಿಯಲ್ಲಿ ಇರುವುದು ಒಂದು ಎಕರೆ ಅಂದರೆ ಅವರು ಬೆಳೆದು ತಂದದ್ದಲ್ಲ, ಕೊಂಡು ತಂದದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆಫೀಸರಿಗೂ ಗೊತ್ತಾಗುತ್ತದೆ.

ಈಗ ಒಂದು ಬಿಲ್ಲನ್ನು ಪೂರ್ತಿ ಬರೆದು ನೋಡೋಣ. ರೇಟು, ತೂಕ ಎಲ್ಲ ನಾನು ಲೆಕ್ಕಕ್ಕೆ ಹಾಕಿಕೊಂಡದ್ದು. 2025ರ ಏಪ್ರಿಲ್ 12, ಶನಿವಾರ. ರೈತರು 620 ಕೆಜಿ ಬೀಜ ತಂದರು. ಕೆಜಿಗೆ 140 ರೂಪಾಯಿ. ಒಟ್ಟು 86,800. ತೆರಿಗೆ ಶೇಕಡಾ 5, ಅಂದರೆ 4,340. ಮಾಲು, ಫ್ಯಾಕ್ಟರಿ ಎರಡೂ ಕರ್ನಾಟಕದಲ್ಲೇ ಇರುವುದರಿಂದ ಕೇಂದ್ರದ್ದು 2,170, ರಾಜ್ಯದ್ದು 2,170.

ಬಿಲ್ಲಿನ ಮೇಲೆ ನಿಮ್ಮ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಬರಬೇಕು. ಮಾರಿದವರ ಜಾಗದಲ್ಲಿ ರೈತರ ಹೆಸರು, ಊರು. ಆಮೇಲೆ ಕ್ರಮಸಂಖ್ಯೆ, ತಾರೀಖು, "ಸಿಪ್ಪೆ ಬಿಡಿಸದ ಗೇರುಬೀಜ" ಅನ್ನುವ ವಿವರ, ಎಚ್‌ಎಸ್‌ಎನ್ 0801, ತೂಕ, ಮೌಲ್ಯ, ತೆರಿಗೆಯ ದರ, ತೆರಿಗೆಯ ಮೊತ್ತ, ರಿವರ್ಸ್ ಚಾರ್ಜ್ ಹೌದು ಅನ್ನುವ ಮಾತು, ನಿಮ್ಮ ಸಹಿ. ನಂಬರಿಗೆ ಒಂದು ಬೇರೆ ಸಾಲು ಇಟ್ಟುಕೊಳ್ಳಿ, `SI/25-26/001` ಥರ. ಅಕ್ಷರ, ಅಂಕಿ ಎಲ್ಲ ಸೇರಿ 16 ದಾಟಬಾರದು. ಮಾರಾಟದ ಬಿಲ್ಲಿನ ನಂಬರುಗಳ ಮಧ್ಯೆ ಇದನ್ನು ತುರುಕಿದರೆ ವರ್ಷದ ಕೊನೆಗೆ ಲೆಕ್ಕ ಹುಡುಕುವವರ ಗತಿ ಕೇಳಬೇಡಿ.

ರೈತರ ಕೈಗೆ ಎಷ್ಟು ಹೋಗಬೇಕು? ಪೂರ್ತಿ 86,800. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ಜಿಎಸ್‌ಟಿ ಕಡಿತ" ಅಂತ ಬರೆದು 4,340 ಹಿಡಿದುಕೊಂಡು 82,460 ಕೊಟ್ಟ ಚೀಟಿಗಳನ್ನು ರೈತರೇ ತಂದು ನನಗೆ ತೋರಿಸಿದ್ದಾರೆ. ತೆರಿಗೆಯ ಹೊಣೆ ಕೊಂಡವರದು. ಅದು ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ಸೂ ಬರುತ್ತದೆ. ರೈತರಿಂದ ಹಿಡಿದು, ಸರ್ಕಾರದಿಂದಲೂ ಕ್ರೆಡಿಟ್ ತಗೊಂಡರೆ ಒಂದೇ ದುಡ್ಡನ್ನು ಎರಡು ಕಡೆ ತಿಂದ ಹಾಗಾಯಿತು.

ರೈತರ ಕಡೆಯಿಂದ ಬರುವ ಭಯ ಬೇರೆ. "ನನ್ನ ಹೆಸರು ಬರೆಯಬೇಡಿ ಮಾರಾಯ್ರೆ, ನಾಳೆ ನೋಟಿಸ್ ಬಂದರೆ ಯಾರು ಓಡಾಡೋದು" ಅನ್ನುತ್ತಾರೆ. ಅವರಿಗೆ ಹೇಳಿ: ಹೆಸರು ನಿಮ್ಮ ಫೈಲಿನ ಬಿಲ್ಲಿನಲ್ಲಿ ಇರುತ್ತದೆ, ನೀವು ಸಲ್ಲಿಸುವ ತಿಂಗಳ ರಿಟರ್ನ್‌ನಲ್ಲಿ ಹೋಗುವುದಿಲ್ಲ. `GSTR-1`ರ 13ನೇ ಟೇಬಲ್‌ನಲ್ಲಿ ಇಂಥ ಬಿಲ್ಲುಗಳು ಎಷ್ಟು ನಂಬರಿನಿಂದ ಎಷ್ಟು ನಂಬರಿನವರೆಗೆ ಅಂತ ಮಾತ್ರ ತುಂಬಬೇಕು. ತನ್ನ ಜಮೀನಿನ ಬೆಳೆ ಮಾರುವ ಕೃಷಿಕರು ಆ ಮಾರಾಟಕ್ಕಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಯೇ ಇಲ್ಲ.

ಬಿಲ್ಲಿನ ಜೊತೆಗೆ ಇನ್ನೊಂದು ಕಾಗದ ಇದೆ, ಎಲ್ಲರೂ ಮರೆಯುವಂಥದ್ದು: ಪೇಮೆಂಟ್ ವೋಚರ್. ರೈತರಿಗೆ ದುಡ್ಡು ಕೊಟ್ಟ ದಿನ ಅದನ್ನು ಬರೆಯಬೇಕು. ಮಾಲು ಬಂದ ದಿನವೇ ದುಡ್ಡು ಕೊಟ್ಟರೆ ಎರಡೂ ಒಂದೇ ದಿನ ಆಗುತ್ತವೆ, ಪಿನ್ ಹೊಡೆದಿಡಿ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಗೇರಿನ ಲೆಕ್ಕ ನೋಡಲು ಶುರುಮಾಡಿದ ಮೊದಲ ಸೀಸನ್. ಏಪ್ರಿಲ್ ಒಂದೇ ತಿಂಗಳಲ್ಲಿ ನಲವತ್ತಕ್ಕೂ ಜಾಸ್ತಿ ರೈತರು ಬಂದಿದ್ದರು. ಅಷ್ಟು ಬಿಲ್ಲು ಯಾರು ಬರೆಯುತ್ತಾರೆ ಅಂತ ತಿಂಗಳ ಕೊನೆಗೆ ಒಂದೇ ಬಿಲ್ಲು ಮಾಡಿದೆ. ರೈತರ ಹೆಸರಿನ ಜಾಗದಲ್ಲಿ "ವಿವಿಧ ಕೃಷಿಕರು". ತಿಂಗಳಿಗೊಂದು ಒಟ್ಟು ಬಿಲ್ಲು ಸಾಕು ಅಂತ ನಿಯಮ 46ರಲ್ಲಿ ಓದಿದ ನೆನಪು ಗಟ್ಟಿಯಾಗಿತ್ತು. ಎರಡು ವರ್ಷ ಕಳೆದು ದಾಖಲೆ ಕೇಳಿ ಪತ್ರ ಬಂತು. ಎದುರು ಕುಳಿತ ಅಧಿಕಾರಿ ನನ್ನ ಮುಂದೆಯೇ ಆ ನಿಯಮ ತೆಗೆದು ಓದಿದರು. ಒಟ್ಟು ಬಿಲ್ಲಿನ ಅವಕಾಶ ಇರುವುದು 9(4)ರ ಖರೀದಿಗೆ ಮಾತ್ರ ಅಂತ ಅದರಲ್ಲಿ ಕಪ್ಪುಬಿಳುಪಿನಲ್ಲಿದೆ. ಗೇರು ಬರುವುದು 9(3)ರಲ್ಲಿ. ನಾನು ಅರ್ಧ ವಾಕ್ಯ ಓದಿ ಬಿಟ್ಟಿದ್ದೆ. ತೆರಿಗೆ ಸರಿಯಾಗಿ ಕಟ್ಟಿದ್ದರಿಂದ, ತೂಕದ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು, ಕೆಜಿ, ದುಡ್ಡು ಇದ್ದುದರಿಂದ ಹೇಗೋ ಪಾರಾದೆವು. ಆದರೆ ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹಾಗಾಗಿ ನಲವತ್ತು ರೈತರಿದ್ದರೆ ನಲವತ್ತು ಬಿಲ್ಲು. ಈಗ ತೂಕ ಹಾಕುವ ಹುಡುಗನೇ ಕಂಪ್ಯೂಟರಿನಲ್ಲಿ ಹೊಡೆಯುತ್ತಾನೆ, ಎರಡು ನಿಮಿಷದ ಕೆಲಸ.

ಮುಂದಿನದು ತಾರೀಖಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮೊದಲು ಮಾಲು ಬಂದ ದಿನವೇ ಬಿಲ್ಲು ಬರೆಯಬೇಕು ಅಂತ ಇತ್ತು. 2024ರ ನವೆಂಬರ್ 1ರಿಂದ ನಿಯಮ 47ಎ ಬಂದಿದೆ. ಮಾಲು ಅಥವಾ ಸೇವೆ ಸಿಕ್ಕ ದಿನದಿಂದ 30 ದಿನದ ಒಳಗೆ ಬರೆದರೆ ಆಯಿತು. ಒಳ್ಳೆಯದೇ ಆಯಿತು ಅಂತ ಎಲ್ಲರೂ ಖುಷಿಪಟ್ಟರು. ಆದರೆ ಬಿಲ್ಲು ಬರೆಯಲು 30 ದಿನ ಕೊಟ್ಟಿದ್ದಾರೆಯೇ ಹೊರತು ತೆರಿಗೆ ಕಟ್ಟಲು ಅಲ್ಲ.

ಮಾಲಿನ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆಯ ದಿನ ಯಾವುದು ಅಂದರೆ ಮಾಲು ಬಂದ ದಿನ, ದುಡ್ಡು ಕೊಟ್ಟ ದಿನ, ಇವುಗಳಲ್ಲಿ ಮೊದಲು ಬರುವುದು. ಮಾರಿದವರ ಬಿಲ್ಲಿನ ತಾರೀಖಿನಿಂದ 30 ದಿನ ಎಣಿಸುವ ಮೂರನೇ ಲೆಕ್ಕವೂ ಇದೆ. ನಮ್ಮ ರೈತರು ಬಿಲ್ಲು ಕೊಡುವುದೇ ಇಲ್ಲವಾದ್ದರಿಂದ ಅದನ್ನು ಬಿಡಿ. ಈಗ ಏಪ್ರಿಲ್ 28ಕ್ಕೆ ಒಬ್ಬರ ಬೀಜ ಬಂತು ಅನ್ನಿ. ಬಿಲ್ಲು ಬರೆಯಲು ಮೇ 28ರವರೆಗೆ ಸಮಯ ಇದೆ. ಮೇ 25ಕ್ಕೆ ಬರೆದಿರಿ. ಬಿಲ್ಲು ಮೇ ತಿಂಗಳದ್ದು, ಹಾಗಾಗಿ ತೆರಿಗೆಯೂ ಮೇ ತಿಂಗಳ ರಿಟರ್ನ್‌ನಲ್ಲಿ ಅಂತ ನಿಮ್ಮ ಸಾಫ್ಟ್‌ವೇರ್ ಹಾಕಿಬಿಡಬಹುದು. ಅದು ತಪ್ಪು. ಮಾಲು ಏಪ್ರಿಲ್‌ನಲ್ಲಿ ಬಂದಿದೆ, ತೆರಿಗೆ ಏಪ್ರಿಲ್‌ನದ್ದು, ಮೇ 20ರ ಒಳಗೆ ಹಾಕುವ `GSTR-3B`ಯಲ್ಲೇ ಹೋಗಬೇಕಿತ್ತು. ಒಂದು ತಿಂಗಳ ಬಡ್ಡಿ ಬಿತ್ತು. ತಿಂಗಳ ರಿಟರ್ನ್ ಹಾಕುವವರ ಲೆಕ್ಕ ಇದು. ಅದಕ್ಕೇ ನಾನು ಹೇಳುವುದು, 30 ದಿನದ ಸವಲತ್ತನ್ನು ಮರೆತುಬಿಡಿ, ಬೀಜ ಬಂದ ತಿಂಗಳು ಮುಗಿಯುವುದರೊಳಗೆ ಬಿಲ್ಲು ಮುಗಿಸಿ. ತೆರಿಗೆ, ಕ್ರೆಡಿಟ್, ಬಿಲ್ಲು ಮೂರೂ ಒಂದೇ ರಿಟರ್ನ್‌ನಲ್ಲಿ ಕೂರುತ್ತವೆ.

"ದುಡ್ಡು ಕೊಟ್ಟ ದಿನ" ಅಂದೆನಲ್ಲ, ಅದು ಮಲೆನಾಡಿನಲ್ಲಿ ಸಣ್ಣ ಮಾತಲ್ಲ. ನಾವು ಮುಂಗಡ ಕೊಡುವ ಜನ. ಮಗಳ ಮದುವೆ, ಬೇಸಿಗೆಯ ಬೋರ್‌ವೆಲ್ಲು ಅಂತ ಫೆಬ್ರವರಿಯಲ್ಲೇ ರೈತರು ಬಂದು ಕೇಳುತ್ತಾರೆ, ನೀವು ಕೊಡುತ್ತೀರಿ. ನಾನು ಆಗ ಹೇಳಿದ ಅದೇ ರೈತರಿಗೆ ಫೆಬ್ರವರಿ 10ಕ್ಕೆ 50,000 ಕೊಟ್ಟಿದ್ದಿರಿ ಅನ್ನಿ, ಬೀಜದ ಬಾಬ್ತು ಅಂತಲೇ. ಮಾಲು ಏಪ್ರಿಲ್‌ನಲ್ಲಿ ಬಂದರೂ ಆ 50,000ಕ್ಕೆ ತೆರಿಗೆಯ ದಿನ ಫೆಬ್ರವರಿ 10. ಶೇಕಡಾ 5ರಂತೆ 2,500 ರೂಪಾಯಿ ಮಾರ್ಚ್ 20ರೊಳಗೆ ಹೋಗಬೇಕು. ಉಳಿದ 36,800ಕ್ಕೆ 1,840, ಅದು ಏಪ್ರಿಲ್ ಲೆಕ್ಕ. ಪೇಮೆಂಟ್ ವೋಚರ್ ಫೆಬ್ರವರಿಯಲ್ಲೇ ಬರೆಯಬೇಕು. ಸೆಲ್ಫ್ ಇನ್‌ವಾಯ್ಸ್ ಪೂರ್ತಿ 86,800ಕ್ಕೆ ಏಪ್ರಿಲ್‌ನಲ್ಲಿ. 4,340ರ ಕ್ರೆಡಿಟ್ಟೂ ಏಪ್ರಿಲ್‌ನಲ್ಲೇ, ಯಾಕೆಂದರೆ ಮಾಲು ಕೈಗೆ ಬರದೆ ಕ್ರೆಡಿಟ್ ಇಲ್ಲ.

"ಮುಂಗಡಕ್ಕೆ ಜಿಎಸ್‌ಟಿ ತೆಗೆದುಹಾಕಿದ್ದಾರಲ್ಲ ಸಾರ್" ಅಂತ ಒಬ್ಬರು ಕೇಳಿದರು. ತೆಗೆದದ್ದು ನಿಜ, 2017ರ ನವೆಂಬರ್‌ನಲ್ಲಿ. ಅದು ನೀವು ಮಾಲು ಮಾರುವಾಗ ಗಿರಾಕಿಯಿಂದ ತಗೊಳ್ಳುವ ಮುಂಗಡಕ್ಕೆ. ನೀವು ಕೊಡುವ ಮುಂಗಡ, ಅದೂ ರಿವರ್ಸ್ ಚಾರ್ಜ್ ಮಾಲಿಗೆ, ಆ ವಿನಾಯಿತಿಯಲ್ಲಿ ಸೇರಿಲ್ಲ. ಇನ್ನು ಬೀಜಕ್ಕೆ ಸಂಬಂಧವೇ ಇಲ್ಲದೆ ಕೈಸಾಲ ಕೊಟ್ಟಿದ್ದರೆ ಅದು ಬೇರೆ ಮಾತು. ಆದರೆ ಆಗ ಪುಸ್ತಕದಲ್ಲಿ ಸಾಲ ಅಂತಲೇ ಇರಬೇಕು. ಏಪ್ರಿಲ್‌ನಲ್ಲಿ ಬಿಲ್ಲಿನಿಂದ ಮುರಿದುಕೊಂಡು, ಅದು ಸಾಲವಾಗಿತ್ತು ಅಂದರೆ ಯಾರು ನಂಬುತ್ತಾರೆ?

ತೆರಿಗೆ ಕಟ್ಟುವುದು ಹೇಗೆ ಅನ್ನುವುದು ಸುಲಭ, ಬೇಗ ಮುಗಿಸುತ್ತೇನೆ. ರಿವರ್ಸ್ ಚಾರ್ಜ್ ತೆರಿಗೆಯನ್ನು ನಗದು ಲೆಡ್ಜರ್‌ನಿಂದಲೇ ಕಟ್ಟಬೇಕು, ಇರುವ ಕ್ರೆಡಿಟ್ ಮುರಿದುಕೊಳ್ಳುವ ಹಾಗಿಲ್ಲ. `GSTR-3B`ಯ `3.1(d)`ಯಲ್ಲಿ 86,800 ಮೌಲ್ಯ, 4,340 ತೆರಿಗೆ. ಅದೇ ರಿಟರ್ನ್‌ನ `4(A)(3)`ರಲ್ಲಿ 4,340 ಕ್ರೆಡಿಟ್. ಆ ತಿಂಗಳು ನೀವು ಎರಡು ಲಕ್ಷದ ಗೋಡಂಬಿ ಮಾರಿ ಶೇಕಡಾ 5ರಂತೆ 10,000 ತೆರಿಗೆ ಹಾಕಿದ್ದರೆ, ಅದರಲ್ಲಿ 4,340 ಈ ಕ್ರೆಡಿಟ್‌ನಿಂದ ಹೋಗಿ ಬಾಕಿ 5,660 ಕಟ್ಟುತ್ತೀರಿ. ಮೊದಲು ಕಟ್ಟಿದ 4,340 ಸೇರಿಸಿದರೆ ಒಟ್ಟು 10,000. ನಷ್ಟ ಏನೂ ಇಲ್ಲ. ಸೀಸನ್‌ನಲ್ಲಿ ಬೀಜ ಕೊಂಡು ವರ್ಷವಿಡೀ ತಿರುಳು ಮಾರುವವರಿಗೆ ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಸೀಸನ್ ಸಾಲ ಕೇಳುವಾಗ ಈ ಶೇಕಡಾ 5ನ್ನೂ ಸೇರಿಸಿ ಕೇಳಿ. ಕಾಂಪೊಸಿಷನ್‌ನಲ್ಲಿರುವವರಿಗೆ ಮಾತ್ರ ಇದು ನಿಜವಾದ ಖರ್ಚು: ತೆರಿಗೆ ಕಟ್ಟಬೇಕು, ಕ್ರೆಡಿಟ್ ಸಿಗುವುದಿಲ್ಲ.

ಒಂದು ಎಚ್ಚರ. 2024ರ ಆಗಸ್ಟ್ ತಿಂಗಳ ಲೆಕ್ಕದಿಂದ ಪೋರ್ಟಲ್‌ನಲ್ಲಿ ರಿವರ್ಸ್ ಚಾರ್ಜ್‌ಗೆ ಅಂತಲೇ ಒಂದು ಸ್ಟೇಟ್‌ಮೆಂಟ್ ಬಂದಿದೆ. ಕಟ್ಟಿದ್ದಕ್ಕಿಂತ ಜಾಸ್ತಿ ಕ್ರೆಡಿಟ್ ತೋರಿಸಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಫೆಬ್ರವರಿಯ ಮುಂಗಡದ 2,500 ಅಲ್ಲಿ ಬಾಕಿಯಾಗಿ ಕೂತಿರುತ್ತದೆ, ಏಪ್ರಿಲ್‌ನಲ್ಲಿ ಕ್ರೆಡಿಟ್ ತಗೊಂಡಾಗ ಸೊನ್ನೆಯಾಗುತ್ತದೆ. ಆಮೇಲೂ ಸೊನ್ನೆ ಆಗದೆ ಉಳಿದರೆ ಎಲ್ಲೋ ಒಂದು ಬಿಲ್ಲು ಬಿಟ್ಟಿದ್ದೀರಿ ಅಂತ ಅರ್ಥ. ನಾನಂತೂ ಇದನ್ನು ಪ್ರತಿ ತಿಂಗಳು ನೋಡುತ್ತೇನೆ.

ಬರೆಯುವುದನ್ನೇ ಮರೆತಿದ್ದರೆ? ಒಂದು ತಿಂಗಳ ಬೀಜ ಆರು ಲಕ್ಷದ್ದು, ತೆರಿಗೆ 30,000. ಮೇ 20ಕ್ಕೆ ಹೋಗಬೇಕಿದ್ದು ನವೆಂಬರ್ 20ಕ್ಕೆ ಕಟ್ಟಿದಿರಿ. 184 ದಿನ, ಬಡ್ಡಿ ವರ್ಷಕ್ಕೆ ಶೇಕಡಾ 18, ಸುಮಾರು 2,722 ರೂಪಾಯಿ. ಈ ಬಡ್ಡಿಗೆ ಕ್ರೆಡಿಟ್ ಇಲ್ಲ, ಹೋದದ್ದು ಹೋಯಿತು. ಬಿಲ್ಲು ತಡ ಮಾಡಿದ್ದಕ್ಕೆ ದಂಡವೂ ಬೀಳಬಹುದು. ಆದರೆ 30,000ದ ಕ್ರೆಡಿಟ್ ಹೋಗುವುದಿಲ್ಲ. 2024ರ ಜೂನ್ 26ರ 211ನೇ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ: ನೋಂದಣಿ ಇಲ್ಲದವರಿಂದ ಬಂದ ರಿವರ್ಸ್ ಚಾರ್ಜ್ ಖರೀದಿಯಲ್ಲಿ ಕ್ರೆಡಿಟ್‌ನ ಗಡುವನ್ನು ಎಣಿಸಬೇಕಾದ್ದು ಸೆಲ್ಫ್ ಇನ್‌ವಾಯ್ಸ್ ಬರೆದ ಹಣಕಾಸು ವರ್ಷದಿಂದ. ಅದಾದ ಮುಂದಿನ ನವೆಂಬರ್ 30ರವರೆಗೆ ಕ್ರೆಡಿಟ್ ತಗೊಳ್ಳಬಹುದು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಅಲ್ಲಿಗೇ ಗಡುವು. ಹಳೆಯ ತಪ್ಪು ಈಗ ಕಣ್ಣಿಗೆ ಬಿದ್ದಿದ್ದರೆ ಮುಚ್ಚಿಡಬೇಡಿ. ಇವತ್ತಿನ ತಾರೀಖು ಹಾಕಿಯೇ ಬಿಲ್ಲು ಬರೆದು, ತೆರಿಗೆ, ಬಡ್ಡಿ ಕಟ್ಟಿ. ಹಿಂದಿನ ತಾರೀಖು ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ನಂಬರಿನ ಸಾಲಿನಲ್ಲಿ ಅದು ಎದ್ದು ಕಾಣುತ್ತದೆ.

ಗೇರಿನವರ ಕತೆ ಕೇಳಿಕೊಂಡು ಉಳಿದವರು ನಿರಾಳವಾಗಿ ಕೂತಿದ್ದೀರಿ. ನಿಮ್ಮ ಅಂಗಡಿ, ಗೋಡೌನು ಸ್ವಂತದ್ದಾ, ಬಾಡಿಗೆಯದ್ದಾ? 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ಮಾಲೀಕರಿಂದ ವ್ಯಾಪಾರಕ್ಕೆ ಜಾಗ ಬಾಡಿಗೆ ಪಡೆದ ನೋಂದಾಯಿತರು ರಿವರ್ಸ್ ಚಾರ್ಜ್ ಕಟ್ಟಬೇಕು, ಶೇಕಡಾ 18. ಕಾಂಪೊಸಿಷನ್‌ನವರನ್ನು ಮಾತ್ರ 2025ರ ಜನವರಿ 16ರಿಂದ ಇದರಿಂದ ಹೊರಗಿಟ್ಟಿದ್ದಾರೆ. ಅಂದರೆ ಬೆಳಗ್ಗೆ ಗಾಡಿಯಿಂದ ಅಡಿಕೆ ಇಳಿಸಿಕೊಂಡವರು ಅಡಿಕೆಗೆ ಸೆಲ್ಫ್ ಇನ್‌ವಾಯ್ಸ್ ಬರೆಯಬೇಕಿಲ್ಲ. ಆದರೆ ಆ ಅಡಿಕೆ ಇಟ್ಟ ಗೋಡೌನ್ ಪಕ್ಕದ ಮನೆಯ ಅಜ್ಜಿಯದ್ದಾಗಿ, ತಿಂಗಳಿಗೆ 12,000 ಬಾಡಿಗೆ ಕೊಡುತ್ತಿದ್ದರೆ, ಅದಕ್ಕೆ ತಿಂಗಳು ತಿಂಗಳು ಒಂದು ಸೆಲ್ಫ್ ಇನ್‌ವಾಯ್ಸ್ ಬರೆದು 2,160 ಕಟ್ಟಬೇಕು. ಅಜ್ಜಿಗೆ ಪೂರ್ತಿ 12,000 ಕೊಡಬೇಕು. ಬಿಲ್ಲು ಕೊಡಿ ಅಂತ ಅವರನ್ನು ಪೀಡಿಸಬೇಡಿ, ಬರೆಯಬೇಕಾದವರು ನೀವು.